ಬಾಣ ಮುಂದಕ್ಕೇ ಇದೆ ಸರ್: ಮರುಪರಿಶೀಲನೆಗೆ ಪತ್ರ ಬರೆಯುವ ಬಗೆ

ಉರುಳುವ ವಸ್ತುಗಳ ಲೆಕ್ಕದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಗಾಲಿ ನೆಲ ಮುಟ್ಟುವ ಬಿಂದುವಿನ ಬಳಿ ಹಾಕಿದ ಪುಟ್ಟ ಬಾಣದಲ್ಲಿ. ಘರ್ಷಣೆ ಹಿಂದಕ್ಕೋ ಮುಂದಕ್ಕೋ? ಹೈಸ್ಕೂಲಿನಿಂದ ‘ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ’ ಎಂದು ಬಾಯಿಪಾಠ ಮಾಡಿಕೊಂಡು ಬಂದವರ ಕೈ ತಾನಾಗಿ ಹಿಂದಕ್ಕೆ ಬಾಣ ಎಳೆದುಬಿಡುತ್ತದೆ. ಈ ರೂಢಿ ವಿದ್ಯಾರ್ಥಿಗಳಿಗಷ್ಟೇ ಇರುವುದಲ್ಲ. ರಾತ್ರಿ ಊಟ ಮುಗಿಸಿ ಒಂದು ಕಟ್ಟು ಪೇಪರು ಮುಂದಿಟ್ಟುಕೊಂಡು ಕೂತ ಉಪನ್ಯಾಸಕರ ಕೆಂಪು ಪೆನ್ನಿಗೂ ಇದೆ. ಹಾಗಾಗಿ ಸರಿಯಾದ ಬಾಣಕ್ಕೂ ಆಗಾಗ ‘ತಪ್ಪು’ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಕೊಡಬೇಕಾದ ಪತ್ರ ಹೇಗಿರಬೇಕು ಎಂಬುದನ್ನು ಒಂದು ಲೆಕ್ಕವನ್ನೇ ಹಿಡಿದು ನೋಡೋಣ.

ಬಿ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ಹಿಡಿದು ನನ್ನ ಹತ್ತಿರ ಬಂದಿದ್ದಳು. ಪ್ರಶ್ನೆ 5 ಅಂಕದ್ದು. 6 ಕೆ.ಜಿ. ದ್ರವ್ಯರಾಶಿ, 0.2 ಮೀಟರ್ ತ್ರಿಜ್ಯದ ಘನ ಸಿಲಿಂಡರೊಂದು ಒರಟಾದ ಸಮತಟ್ಟು ನೆಲದ ಮೇಲಿದೆ. ಅದಕ್ಕೆ ಸುತ್ತಿದ ಹಗ್ಗವನ್ನು ಸಿಲಿಂಡರಿನ ನೆತ್ತಿಯಿಂದ ನೆಲಕ್ಕೆ ಸಮಾನಾಂತರವಾಗಿ 18 ನ್ಯೂಟನ್ ಬಲದಿಂದ ಎಳೆಯಲಾಗುತ್ತಿದೆ. ಸ್ಥಿತ ಘರ್ಷಣೆಯ ಗುಣಾಂಕ 0.3. ಸಿಲಿಂಡರ್ ಜಾರದೆ ಉರುಳಿದರೆ ಅದರ ವೇಗೋತ್ಕರ್ಷ ಎಷ್ಟು, ಘರ್ಷಣಾ ಬಲ ಎಷ್ಟು, ಯಾವ ದಿಕ್ಕಿಗೆ?

ಅವಳ ಉತ್ತರ: ವೇಗೋತ್ಕರ್ಷ 4 m/s², ಘರ್ಷಣೆ 6 ನ್ಯೂಟನ್, ಮುಂದಕ್ಕೆ. ಬಾಣದ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ‘ದಿಕ್ಕು ತಪ್ಪು’ ಎಂಬ ಎರಡು ಪದ, ಅಂಚಿನಲ್ಲಿ 1½.

ಜೊತೆಗೆ ಅವಳು ಬರೆದು ತಂದಿದ್ದ ಪತ್ರವೂ ಇತ್ತು, ಎರಡು ಪುಟ. ಅದರಲ್ಲಿ ಅನ್ಯಾಯ ಎಂಬ ಮಾತಿತ್ತು, ರಾತ್ರಿಯೆಲ್ಲ ಓದಿದ ವಿವರವಿತ್ತು, ಪಕ್ಕದ ಬೆಂಚಿನವನಿಗೆ ಪೂರ್ತಿ ಅಂಕ ಬಂದ ಸಂಗತಿ ಇತ್ತು. ಘರ್ಷಣೆ ಯಾಕೆ ಮುಂದಕ್ಕೆ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. "ಪತ್ರ ಆಮೇಲೆ, ಮೊದಲು ಲೆಕ್ಕ ತೆಗಿ" ಅಂದೆ.

ಪತ್ರ ಬರೆಯುವವರು ಮೊದಲು ಮಾಡಬೇಕಾದ್ದು ಅದೇ. ತಾನು ಸರಿ ಎಂಬುದನ್ನು ಪರೀಕ್ಷೆಯಲ್ಲಿ ಬರೆದ ದಾರಿಯಲ್ಲೇ ಇನ್ನೊಮ್ಮೆ ಮಾಡಿ ನೋಡಿದರೆ ಸಾಲದು, ಬೇರೆ ದಾರಿಯಿಂದ ಹೋಗಿ ನೋಡಬೇಕು. ಉರುಳುವ ಲೆಕ್ಕಕ್ಕೆ ಅಂಥ ಸುಲಭದ ದಾರಿಯೊಂದಿದೆ. ಘರ್ಷಣೆಯೇ ಇಲ್ಲ, ನೆಲ ಎಣ್ಣೆ ಸುರಿದ ಗಾಜು ಅಂದುಕೊಳ್ಳಿ. ಆಗ ನೆಲ ಮುಟ್ಟುವ ಬಿಂದು ಯಾವ ಕಡೆಗೆ ಜಾರುತ್ತದೆ? 18 ನ್ಯೂಟನ್ ಬಲ 6 ಕೆ.ಜಿ.ಯ ಸಿಲಿಂಡರನ್ನು 3 m/s² ವೇಗೋತ್ಕರ್ಷದಲ್ಲಿ ಮುಂದಕ್ಕೆ ಒಯ್ಯುತ್ತದೆ. ಅದೇ ಬಲ ನೆತ್ತಿಯಲ್ಲಿ ಹಿಡಿದು ತಿರುಗಿಸುತ್ತಲೂ ಇರುತ್ತದೆ. ಘನ ಸಿಲಿಂಡರಿನ ಮೊಮೆಂಟ್ ಆಫ್ ಇನರ್ಷಿಯಾ ½mR², ಅಂದರೆ ಇಲ್ಲಿ 0.12. ಟಾರ್ಕ್ 18 × 0.2 = 3.6. ಭಾಗಿಸಿದರೆ ಕೋನೀಯ ವೇಗೋತ್ಕರ್ಷ 30 rad/s², ತ್ರಿಜ್ಯದಿಂದ ಗುಣಿಸಿದರೆ 6 m/s². ತಿರುಗುವಿಕೆಯಿಂದ ತಳದ ಬಿಂದು ಹಿಂದಕ್ಕೆ 6, ಇಡೀ ಸಿಲಿಂಡರ್ ಸಾಗುವುದರಿಂದ ಮುಂದಕ್ಕೆ 3. ಒಟ್ಟಿನಲ್ಲಿ ತಳದ ಬಿಂದು ಹಿಂದಕ್ಕೆ ಜಾರಲು ಹವಣಿಸುತ್ತದೆ. ಆ ಜಾರುವಿಕೆಯನ್ನು ತಡೆಯುವ ಘರ್ಷಣೆ ಮುಂದಕ್ಕೇ ಇರಬೇಕು. ಘರ್ಷಣೆ ವಿರೋಧಿಸುವುದು ಸಿಲಿಂಡರಿನ ಪಯಣವನ್ನಲ್ಲ, ನೆಲ ಮುಟ್ಟುವ ಬಿಂದುವಿನ ಜಾರುವಿಕೆಯನ್ನು. ಹೈಸ್ಕೂಲಿನ ಆ ವಾಕ್ಯದಲ್ಲಿ ಬಿಟ್ಟುಹೋಗಿದ್ದದ್ದು ಇದು.

ಇನ್ನೊಂದು ಪರೀಕ್ಷೆ ಎದುರಾಳಿಯ ಉತ್ತರದ್ದು. ಕೆಂಪು ಪೆನ್ನು ಹೇಳಿದಂತೆ 6 ನ್ಯೂಟನ್ ಘರ್ಷಣೆ ಹಿಂದಕ್ಕೇ ಇದೆ ಅಂತ ಒಪ್ಪಿಬಿಡಿ. ಆಗ ಸಿಲಿಂಡರಿನ ಮೇಲಿನ ನಿವ್ವಳ ಬಲ 18 − 6 = 12 ನ್ಯೂಟನ್, ವೇಗೋತ್ಕರ್ಷ 2 m/s². ಆದರೆ ತಳದಲ್ಲಿ ಹಿಂದಕ್ಕೆ ತಳ್ಳುವ ಬಲ, ನೆತ್ತಿಯಲ್ಲಿ ಮುಂದಕ್ಕೆ ಎಳೆಯುವ ಬಲ, ಎರಡೂ ಒಂದೇ ಕಡೆಗೆ ತಿರುಗಿಸುತ್ತವೆ. ಟಾರ್ಕ್ 24 × 0.2 = 4.8, ಕೋನೀಯ ವೇಗೋತ್ಕರ್ಷ 40, ತ್ರಿಜ್ಯದಿಂದ ಗುಣಿಸಿದರೆ 8 m/s². ಜಾರದೆ ಉರುಳುವ ಸಿಲಿಂಡರಿಗೆ ಈ ಎರಡು ಸಂಖ್ಯೆಗಳು ಒಂದೇ ಆಗಿರಬೇಕು. ಇಲ್ಲಿ ಒಂದು 2, ಇನ್ನೊಂದು 8. ಬಾಣವನ್ನು ಮುಂದಕ್ಕೆ ತಿರುಗಿಸಿ ನೋಡಿ: ಬಲ 24 ನ್ಯೂಟನ್, ವೇಗೋತ್ಕರ್ಷ 4. ಟಾರ್ಕ್ 12 × 0.2 = 2.4, ಕೋನೀಯ ವೇಗೋತ್ಕರ್ಷ 20, ಗುಣಿಸಿದರೆ 4. ಕೂಡಿಬಂತು.

ಕಣ್ಣಾರೆ ನೋಡಬೇಕು ಅನ್ನುವವರು ದೊಡ್ಡ ಟಾರ್ಚ್ ಸೆಲ್ ಒಂದನ್ನು ತೆಗೆದುಕೊಂಡು ಅದರ ನಡುವಿಗೆ ಹೊಲಿಗೆ ದಾರವನ್ನು ನಾಲ್ಕಾರು ಸುತ್ತು ಸುತ್ತಿ. ಮೇಜಿನ ಮೇಲೆ ಮೂರು ದುಂಡು ಪೆನ್ಸಿಲ್ ಅಡ್ಡಲಾಗಿ ಇಟ್ಟು, ಅವುಗಳ ಮೇಲೆ ಒಂದು ರಟ್ಟಿನ ಹಾಳೆ, ಹಾಳೆಯ ಮೇಲೆ ಸೆಲ್. ದಾರವನ್ನು ಸೆಲ್‌ನ ಮೇಲ್ಭಾಗದಿಂದ ಮೆಲ್ಲಗೆ ಎಳೆಯಿರಿ. ಸೆಲ್ ಮುಂದಕ್ಕೆ ಉರುಳುತ್ತದೆ, ಹಾಳೆ ಹಿಂದಕ್ಕೆ ಸರಿಯುತ್ತದೆ. ಸೆಲ್ ಹಾಳೆಯನ್ನು ಹಿಂದಕ್ಕೆ ತಳ್ಳಿತು ಅಂದರೆ ಹಾಳೆ ಸೆಲ್ಲನ್ನು ಮುಂದಕ್ಕೆ ತಳ್ಳಿದೆ ಅಂತಲೇ ಅರ್ಥ. ಸೆಲ್ ಬದಲಿಗೆ ತೆಳುವಾದ ಪಿ.ವಿ.ಸಿ. ಪೈಪಿನ ತುಂಡು ಇಟ್ಟರೆ ಹಾಳೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ತೆಳು ಬಳೆಯಂಥ ವಸ್ತುವನ್ನು ನೆತ್ತಿಯಿಂದ ಎಳೆದಾಗ ಘರ್ಷಣೆಯ ಅಗತ್ಯವೇ ಬೀಳುವುದಿಲ್ಲ. ಪ್ರಶ್ನೆಯಲ್ಲಿ ‘ಘನ ಸಿಲಿಂಡರ್’ ಇದೆಯೋ ‘ತೆಳು ಉಂಗುರ’ ಇದೆಯೋ ಅಂತ ಮತ್ತೊಮ್ಮೆ ಓದಿ ಎನ್ನುವುದು ಇದಕ್ಕೇ. ಉಂಗುರವಾಗಿದ್ದರೆ ಯಾವ ಕಡೆಗೆ ಬಾಣ ಹಾಕಿದ್ದರೂ ತಪ್ಪೇ, ಪತ್ರದ ಮಾತು ಅಲ್ಲಿಗೆ ಮುಗಿಯಿತು.

ತಾನು ಸರಿ ಅಂತ ಖಚಿತವಾದ ಮೇಲೆ ಇನ್ನೊಂದು ಕೆಲಸವಿದೆ, ಹೆಚ್ಚಿನವರು ಅದನ್ನು ಮಾಡುವುದಿಲ್ಲ: ತಿದ್ದಿದವರಿಗೆ ‘ಹಿಂದಕ್ಕೆ’ ಎಂಬುದು ಎಲ್ಲಿಂದ ಬಂತು ಎಂದು ಹುಡುಕುವುದು. ಇದೇ ಸಿಲಿಂಡರನ್ನು ನೆತ್ತಿಯ ಬದಲು ನಡುವಿನ ಅಕ್ಷದಲ್ಲಿ ಹಿಡಿದು 18 ನ್ಯೂಟನ್‌ನಿಂದ ಎಳೆದರೆ ಏನಾಗುತ್ತದೆ? ಆಗ ತಿರುಗಿಸುವ ಕೆಲಸವೆಲ್ಲ ಘರ್ಷಣೆಯದೇ. ಲೆಕ್ಕ ಮಾಡಿದರೆ ವೇಗೋತ್ಕರ್ಷ 2 m/s², ಘರ್ಷಣೆ 6 ನ್ಯೂಟನ್, ಹಿಂದಕ್ಕೆ! ಪ್ರಮಾಣ ಅದೇ ಆರು, ದಿಕ್ಕು ಮಾತ್ರ ಉಲ್ಟಾ. ಘನ ಸಿಲಿಂಡರಿಗೆ ಎರಡೂ ಸಂದರ್ಭದಲ್ಲಿ ಘರ್ಷಣೆ ಎಳೆದ ಬಲದ ಮೂರನೇ ಒಂದು ಭಾಗ. ಅಕ್ಷದಲ್ಲಿ ಎಳೆದರೆ ಹಿಂದಕ್ಕೆ, ನೆತ್ತಿಯಲ್ಲಿ ಎಳೆದರೆ ಮುಂದಕ್ಕೆ. ಅಕ್ಷದಿಂದ ಅರ್ಧ ತ್ರಿಜ್ಯದಷ್ಟು ಮೇಲೆ ಎಳೆದರೆ ಸೊನ್ನೆ.

ಅಕ್ಷದಲ್ಲಿ ಎಳೆಯುವ ಲೆಕ್ಕ ತರಗತಿಯಲ್ಲಿ ಎಲ್ಲರೂ ಮಾಡಿಸುವಂಥದ್ದು. ಸ್ಕೀಮ್ ಬರೆಯುವಾಗ ಅದರ ಉತ್ತರ ನುಸುಳಿಬಿಟ್ಟರೆ, ತಿದ್ದುವವರ ಕಣ್ಣಿಗೆ 6 ಎಂಬ ಸಂಖ್ಯೆ ತಾಳೆಯಾಗುತ್ತದೆ, ಬಾಣವೂ ವೇಗೋತ್ಕರ್ಷವೂ ತಪ್ಪಿದಂತೆ ಕಾಣುತ್ತದೆ. ಹುಡುಗಿಗೆ ಬಂದ 1½ ಅಂಕವೂ ಇದನ್ನೇ ಹೇಳುತ್ತಿತ್ತು. ಉರುಳುವಿಕೆಯ a = Rα ಸಂಬಂಧ ಬರೆದದ್ದಕ್ಕೆ 1, ಘರ್ಷಣೆಯ ಪ್ರಮಾಣಕ್ಕೆ ½. ಉಪನ್ಯಾಸಕರಿಗೆ ಉರುಳುವಿಕೆ ಗೊತ್ತಿಲ್ಲ ಎಂಬುದಲ್ಲ ಸಂಗತಿ. ಬಲ ಎಲ್ಲಿ ಹಿಡಿದಿದೆ ಎಂಬ ಒಂದು ಪದ ಕಣ್ತಪ್ಪಿದೆ. ಇಷ್ಟು ತಿಳಿದರೆ ಪತ್ರದ ಧಾಟಿ ತಾನಾಗಿ ಬದಲಾಗುತ್ತದೆ. ಜಗಳವಾಡಬೇಕಾದ್ದಿಲ್ಲ, ಆ ಒಂದು ಪದಕ್ಕೆ ಬೆರಳಿಟ್ಟರೆ ಸಾಕು.

ಇನ್ನು ಉತ್ತರ ಪತ್ರಿಕೆಯನ್ನು ತೆರೆದು, ಅದರಲ್ಲಿ ನಿಜಕ್ಕೂ ಏನು ಬರೆದಿದೆ ಎಂದು ನಿಷ್ಠುರವಾಗಿ ನೋಡಬೇಕು. ಅಂಕ ಸಿಗುವುದು ತಲೆಯಲ್ಲಿದ್ದುದಕ್ಕಲ್ಲ, ಹಾಳೆಯ ಮೇಲಿರುವುದಕ್ಕೆ. ಚಿತ್ರದಲ್ಲಿ ಬಾಣ ಮುಂದಕ್ಕಿದ್ದು ಸಮೀಕರಣದಲ್ಲಿ F − f = ma ಅಂತಿದ್ದರೆ ಚಿತ್ರಕ್ಕೂ ಲೆಕ್ಕಕ್ಕೂ ಹೊಂದಿಕೆಯಿಲ್ಲ; ಅಂಥ ಪತ್ರಿಕೆ ಹಿಡಿದು ಮರುಪರಿಶೀಲನೆ ಕೇಳಿದರೆ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಗುಣಾಂಕ ಕೊಟ್ಟಿದ್ದಾರಲ್ಲ ಎಂದು ಘರ್ಷಣೆಯನ್ನು 0.3 × 6 × 9.8, ಅಂದರೆ 17.6 ನ್ಯೂಟನ್ ಎಂದು ಬರೆದವರದೂ ಅದೇ ಗತಿ. ಅದು ನೆಲ ಕೊಡಬಲ್ಲ ಘರ್ಷಣೆಯ ಮೇಲಿನ ಮಿತಿ, ಕೊಡುತ್ತಿರುವ ಘರ್ಷಣೆಯಲ್ಲ. ಗುಣಾಂಕದ ಕೆಲಸ ಇಲ್ಲಿ ಇಷ್ಟೇ: ಬೇಕಾದ 6 ನ್ಯೂಟನ್ ಈ 17.6ಕ್ಕಿಂತ ಕಡಿಮೆ, ಆದ್ದರಿಂದ ಸಿಲಿಂಡರ್ ಜಾರುವುದಿಲ್ಲ ಎಂದು ತೋರಿಸುವುದು.

ಇದಕ್ಕೆ ವಿರುದ್ಧವಾದ ಒಂದು ಸಂದರ್ಭವೂ ಇದೆ. ಕೆಲವರು ಮೊದಲಿಗೆ ಬಾಣವನ್ನು ಹಿಂದಕ್ಕೆ ಹಾಕಿ ಲೆಕ್ಕ ಶುರುಮಾಡುತ್ತಾರೆ, ಕೊನೆಗೆ f = −6 ಬರುತ್ತದೆ, ‘ಋಣ ಚಿಹ್ನೆ ಬಂದಿರುವುದರಿಂದ ಘರ್ಷಣೆ ಮುಂದಕ್ಕೆ’ ಎಂದು ಬರೆಯುತ್ತಾರೆ. ಈ ಕ್ರಮ ಪೂರ್ತಿ ಸರಿ. ತಿದ್ದುವವರು ಚಿತ್ರವನ್ನಷ್ಟೇ ನೋಡಿ ಅಂಕ ಕಳೆದಿದ್ದರೆ, ಕೊನೆಯ ಸಾಲನ್ನು ಪತ್ರದಲ್ಲಿ ಧೈರ್ಯವಾಗಿ ತೋರಿಸಬಹುದು. ಆದರೆ ಋಣ ಚಿಹ್ನೆಯನ್ನು ಸದ್ದಿಲ್ಲದೆ ಅಳಿಸಿ 6 ಅಂತ ಬರೆದು ಬಿಟ್ಟಿದ್ದರೆ ದಿಕ್ಕಿನ ಅಂಕ ಕೇಳಲು ಬಾಯಿಲ್ಲ.

ನಮ್ಮ ಹುಡುಗಿಯ ಪತ್ರಿಕೆಯಲ್ಲಿ ಚಿತ್ರ, ಎರಡು ಸಮೀಕರಣ, ಉತ್ತರ ಎಲ್ಲವೂ ಹೊಂದಿಕೊಂಡಿದ್ದವು. ಗುಣಾಂಕದ ಹೋಲಿಕೆಯನ್ನು ಮಾತ್ರ ಬರೆದಿರಲಿಲ್ಲ. ಪತ್ರವನ್ನು ಮತ್ತೆ ಬರೆದಾಗ ಅದು ಹೀಗಾಯಿತು.

ಇವರಿಗೆ,
ಉಪನ್ಯಾಸಕರು, ಭೌತಶಾಸ್ತ್ರ ವಿಭಾಗ

ಮಾನ್ಯರೇ,

ವಿಷಯ: ಮೊದಲ ಆಂತರಿಕ ಪರೀಕ್ಷೆಯ 7ನೇ ಪ್ರಶ್ನೆಯ ಉತ್ತರವನ್ನು ಮತ್ತೊಮ್ಮೆ ನೋಡುವಂತೆ ಕೋರಿಕೆ.

ತಾವು ನಿನ್ನೆ ತರಗತಿಯಲ್ಲಿ ಕೊಟ್ಟ ನನ್ನ ಉತ್ತರ ಪತ್ರಿಕೆಯಲ್ಲಿ 7ನೇ ಪ್ರಶ್ನೆಗೆ 5ಕ್ಕೆ 1½ ಅಂಕ ಬಂದಿದೆ. ಘರ್ಷಣೆಯ ಬಾಣವನ್ನು ನಾನು ಮುಂದಕ್ಕೆ ಹಾಕಿದ್ದು, ಅದನ್ನು ತಪ್ಪೆಂದು ಗುರುತಿಸಲಾಗಿದೆ. ಅದನ್ನು ತಾವು ದಯವಿಟ್ಟು ಇನ್ನೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆಯಲ್ಲಿ ಹಗ್ಗವನ್ನು ಎಳೆಯುವುದು ಸಿಲಿಂಡರಿನ ನೆತ್ತಿಯಿಂದ. ನೆಲ ಮುಟ್ಟುವ ಬಿಂದುವಿನ ಸುತ್ತ ಟಾರ್ಕ್ ತೆಗೆದುಕೊಂಡರೆ ಘರ್ಷಣೆ ಲೆಕ್ಕದೊಳಗೆ ಬರುವುದಿಲ್ಲ:

18 × 0.4 = (3/2 × 6 × 0.2²) α
α = 20 rad/s², a = Rα = 4 m/s²

6 ಕೆ.ಜಿ.ಗೆ 4 m/s² ವೇಗೋತ್ಕರ್ಷ ಕೊಡಲು 24 ನ್ಯೂಟನ್ ಬೇಕು. ಹಗ್ಗದಿಂದ ಬರುವುದು 18. ಉಳಿದ 6 ನ್ಯೂಟನ್ ಮುಂದಕ್ಕೆ ಕೊಡಲು ಘರ್ಷಣೆಯೊಂದೇ ಇರುವುದು. ಬಲ ಅಕ್ಷದಲ್ಲಿದ್ದರೆ a = 2 m/s² ಆಗಿ, ಘರ್ಷಣೆ 6 ನ್ಯೂಟನ್ ಹಿಂದಕ್ಕೆ ಬರುತ್ತದೆ ಎಂಬುದನ್ನೂ ಮಾಡಿ ನೋಡಿದ್ದೇನೆ. ಪ್ರಶ್ನೆಯನ್ನು ನಾನು ಓದಿಕೊಂಡಿದ್ದರಲ್ಲಿ ತಪ್ಪಿದ್ದರೆ ತಿಳಿಸಿಕೊಡಬೇಕು.

ನನ್ನ ಉತ್ತರ 9ನೇ ಪುಟದಲ್ಲಿದೆ. ಚಿತ್ರ ಪುಟದ ಮೇಲ್ಭಾಗದಲ್ಲಿದೆ, ಎರಡು ಸಮೀಕರಣಗಳು ಅದರ ಕೆಳಗಿವೆ. ಬಲಕ್ಕೆ F + f = ma ಎಂದೂ, ಟಾರ್ಕ್‌ಗೆ (F − f)R = Iα ಎಂದೂ ಬರೆದಿದ್ದೇನೆ. ಘರ್ಷಣಾ ಗುಣಾಂಕದ ಜೊತೆ ಹೋಲಿಸಿ ನೋಡುವ ಹಂತವನ್ನು ನಾನು ಬರೆದಿಲ್ಲ.

ಪತ್ರಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ತಮಗೆ ಬಿಡುವಿರುವಾಗ ಬಂದು ಕಾಣುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿನಿ
(ಸಹಿ, ಹೆಸರು, ತರಗತಿ, ರೋಲ್ ನಂಬರ್, ದಿನಾಂಕ)

ಈ ಪತ್ರದ ಬಲವೆಲ್ಲ ನಡುವಿನ ಪ್ಯಾರಾದಲ್ಲಿದೆ. ಪರೀಕ್ಷೆಯಲ್ಲಿ ಎರಡು ಸಮೀಕರಣ ಬಿಡಿಸಿ ಬರೆದ ಉತ್ತರವನ್ನೇ ಮತ್ತೆ ನಕಲು ಮಾಡಿದ್ದರೆ ಓದುವವರು ಅದೇ ಬಾಣದ ಬಳಿ ಮತ್ತೆ ನಿಂತುಬಿಡುತ್ತಿದ್ದರು. ನೆಲ ಮುಟ್ಟುವ ಬಿಂದುವಿನ ಸುತ್ತ ಟಾರ್ಕ್ ತೆಗೆದುಕೊಂಡಾಗ ಘರ್ಷಣೆಗೆ ತೋಳೇ ಇಲ್ಲ. ಹಾಗಾಗಿ ಅದರ ದಿಕ್ಕನ್ನು ಮೊದಲೇ ಊಹಿಸಬೇಕಾಗಿಲ್ಲ. ವೇಗೋತ್ಕರ್ಷ ವಿವಾದವಿಲ್ಲದೆ ಸಿಗುತ್ತದೆ, ಆಮೇಲೆ 24ರಿಂದ 18 ಕಳೆದರೆ ದಿಕ್ಕೂ ಸಿಗುತ್ತದೆ. ಸ್ಟಾಫ್ ರೂಮಿನಲ್ಲಿ ನಿಂತ ನಿಲುವಿನಲ್ಲೇ ಓದಿ ಮುಗಿಸಬಹುದು.

ಅಕ್ಷದ ಮಾತನ್ನು ಹಾಕಬೇಕೋ ಬೇಡವೋ ಎಂದು ಹುಡುಗಿಗೆ ಅನುಮಾನವಿತ್ತು. "ಅವರಿಗೇ ಹೇಳಿಕೊಟ್ಟ ಹಾಗಾಗಲ್ವಾ ಸರ್?" ಅಂದಳು. ನನ್ನ ಅಭಿಪ್ರಾಯದಲ್ಲಿ ಅದು ಇರಲೇಬೇಕು. ‘ನೀವು ಆ ಲೆಕ್ಕದ ಉತ್ತರ ಹಾಕಿದ್ದೀರಿ’ ಎಂದು ಬರೆದರೆ ಅದು ಆರೋಪ. ‘ಅದನ್ನೂ ಮಾಡಿ ನೋಡಿದ್ದೇನೆ’ ಎಂದರೆ ತಪ್ಪು ಎಲ್ಲಿ ಹುಟ್ಟಿರಬಹುದು ಎಂಬುದು ಅವರಿಗೇ ಕಾಣುತ್ತದೆ, ಹೇಳಿದವರು ಯಾರೂ ಇರುವುದಿಲ್ಲ.

ಬರೆಯದೆ ಬಿಟ್ಟ ಹಂತವನ್ನು ತಾನಾಗಿ ಹೇಳಿರುವುದು ಕೆಲವರಿಗೆ ಪೆದ್ದುತನ ಅನ್ನಿಸಬಹುದು. ಆದರೆ ಮರುಪರಿಶೀಲನೆಗೆ ಕೂತವರು ಆ ಕೊರತೆಯನ್ನು ಹೇಗೂ ಕಾಣುತ್ತಾರೆ. ಮೊದಲೇ ಹೇಳಿದರೆ ಮಿಕ್ಕ ಮಾತಿಗೆ ತೂಕ ಬರುತ್ತದೆ. ಪತ್ರದಲ್ಲಿ ಇಷ್ಟು ಅಂಕ ಬೇಕು ಎಂಬ ಬೇಡಿಕೆಯೂ ಇಲ್ಲ. ಅಂಕ ಹಂಚುವುದು ಅವರ ಸ್ಕೀಮಿನ ವಿಷಯ, ಎಲ್ಲಿ ನೋಡಬೇಕು ಎಂಬುದಷ್ಟೇ ನಿಮ್ಮ ವಿಷಯ. ಪಕ್ಕದ ಬೆಂಚಿನವನ ಹೆಸರಂತೂ ಬರಲೇಬಾರದು: ಅವನ ಪತ್ರಿಕೆಯಲ್ಲಿ ಬಾಣ ಹಿಂದಕ್ಕಿದ್ದರೆ ನಿಮ್ಮ ಪತ್ರದಿಂದ ಅವನ ಅಂಕ ಹೋಗುತ್ತದೆ. ರೆಸ್ನಿಕ್–ಹ್ಯಾಲಿಡೇ, ಎಚ್.ಸಿ. ವರ್ಮ ಅಂತ ಪುಸ್ತಕಗಳ ಹೆಸರನ್ನು ಪೇರಿಸುವುದೂ ಬೇಡ. ಕೇಳಿದರೆ ಪುಸ್ತಕ ಒಯ್ದು ತೋರಿಸಿದರಾಯಿತು. ನಾಲ್ಕು ಸಾಲಿನ ಲೆಕ್ಕ ಮಾತಾಡುವಾಗ ದೊಡ್ಡವರ ಸಾಕ್ಷಿ ಯಾಕೆ?

ಕೊಡುವ ಕ್ರಮದಲ್ಲಿ ಒಂದೇ ಎಚ್ಚರ ಮುಖ್ಯ. ಪತ್ರಿಕೆ ಕೈಗೆ ಬಂದ ಮೇಲೆ ಅದರ ಮೇಲೆ ಪೆನ್ನು ಪೆನ್ಸಿಲ್ ಏನನ್ನೂ ಆಡಿಸಬಾರದು, ಅಡಿಗೆರೆ ಕೂಡ ಎಳೆಯಬಾರದು. ಮಸಿ ಬಿದ್ದ ಪತ್ರಿಕೆಯಲ್ಲಿ ಯಾವ ಬಾಣ ಪರೀಕ್ಷೆಯದು, ಯಾವುದು ಆಮೇಲಿನದು ಎಂದು ಯಾರೂ ಹೇಳಲಾರರು. ಆ ಪುಟದ ಫೋಟೊ ಒಂದು ನಿಮ್ಮ ಬಳಿ ಇರಲಿ. ಆಂತರಿಕ ಅಂಕಗಳ ಪಟ್ಟಿ ಕಚೇರಿಗೆ ಹೋಗುವ ಮುಂಚೆ ಪತ್ರ ತಲುಪಬೇಕು. ಪಟ್ಟಿ ಹೋದ ಮೇಲೆ ಒಪ್ಪಿದ ಉಪನ್ಯಾಸಕರಿಗೂ ತಿದ್ದುವುದು ತಲೆನೋವು. ತರಗತಿಯಲ್ಲಿ ಎಲ್ಲರ ಎದುರು ಎದ್ದು ನಿಂತು ಕೇಳುವುದಕ್ಕಿಂತ ಸ್ಟಾಫ್ ರೂಮಿನಲ್ಲಿ ಕೈಗೆ ಕೊಡುವುದು ಒಳ್ಳೆಯದು. ಸೆಮಿಸ್ಟರ್ ಪರೀಕ್ಷೆಗೆ, ದ್ವಿತೀಯ ಪಿ.ಯು. ಪರೀಕ್ಷೆಗೆ ಈ ಪತ್ರ ನಡೆಯುವುದಿಲ್ಲ. ಅಲ್ಲಿ ತಿದ್ದಿದವರು ಯಾರೆಂದೇ ಗೊತ್ತಿರುವುದಿಲ್ಲ. ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು, ಶುಲ್ಕ ಕಟ್ಟಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಮರುಎಣಿಕೆಗೆ ಹಾಕಿದರೆ ಬಾಣವನ್ನು ಯಾರೂ ನೋಡುವುದಿಲ್ಲ, ಅಂಕಗಳನ್ನು ಕೂಡಿದ್ದು ಸರಿಯೇ ಎಂದಷ್ಟೇ ನೋಡುತ್ತಾರೆ.

ಪತ್ರ ಓದಿದ ಮೇಲೆ ಉಪನ್ಯಾಸಕರು ತಕ್ಷಣ ಹೂಂ ಅನ್ನದಿದ್ದರೆ ಅದಕ್ಕೆ ಕಾರಣ ಹಟವೇ ಆಗಿರಬೇಕಿಲ್ಲ. ಸ್ಕೀಮಿನಲ್ಲೇ ಉತ್ತರ ತಪ್ಪಿದ್ದರೆ ಅವರು ಒಂದು ಪತ್ರಿಕೆಯನ್ನಲ್ಲ, ಇಡೀ ಕಟ್ಟನ್ನು ಮತ್ತೆ ಬಿಚ್ಚಬೇಕು. ಮುಂದಕ್ಕೆ ಬಾಣ ಹಾಕಿ ಅಂಕ ಕಳೆದುಕೊಂಡವರಿಗೆ ಕೊಡಬೇಕು, ಹಿಂದಕ್ಕೆ ಹಾಕಿ ಪಡೆದವರದನ್ನು ಏನು ಮಾಡುವುದೆಂದು ವಿಭಾಗದ ಮುಖ್ಯಸ್ಥರೊಂದಿಗೆ ಕೂತು ತೀರ್ಮಾನಿಸಬೇಕು. ಆದ್ದರಿಂದ "ನೋಡ್ತೀನಿ" ಎಂದರೆ ಎರಡು ಮೂರು ದಿನ ಬಿಟ್ಟು ಒಮ್ಮೆ ವಿಚಾರಿಸಿ. "ಘರ್ಷಣೆ ಯಾವಾಗಲೂ ಹಿಂದಕ್ಕೇ ಅಲ್ವೇನಮ್ಮ?" ಎಂಬ ಪ್ರಶ್ನೆ ಬಂದರೆ ವಾದಕ್ಕಿಳಿಯದೆ, ಹಿಂದಕ್ಕೆಂದೇ ಇಟ್ಟುಕೊಂಡು ವೇಗೋತ್ಕರ್ಷ ಎಷ್ಟು ಬರುತ್ತದೆ, ಕೋನೀಯ ವೇಗೋತ್ಕರ್ಷವನ್ನು ತ್ರಿಜ್ಯದಿಂದ ಗುಣಿಸಿದರೆ ಎಷ್ಟು ಬರುತ್ತದೆ ಎಂದು ಅವರ ಮುಂದೆಯೇ ಒಂದು ಬಿಡಿ ಹಾಳೆಯಲ್ಲಿ ಮಾಡಿ. 2 ಮತ್ತು 8 ಅಕ್ಕಪಕ್ಕ ಬಿದ್ದ ಮೇಲೆ ನೀವು ಇನ್ನೇನೂ ಹೇಳಬೇಕಾಗಿಲ್ಲ.